60 ರೂಪಾಯಿ ರಿಯಾಯಿತಿ ಸಿಕ್ಕ ಮಸಾಲೆ ದೋಸೆ

ಆ್ಯಪ್‌ನಲ್ಲಿ ಊಟ ತರಿಸುವವರಿಗೆಲ್ಲ ಸಿಟ್ಟು ಬರುವುದು ಬಿಲ್ಲಿನ ಕೊನೆಯ ಸಾಲುಗಳ ಮೇಲೆ: ಪ್ಲಾಟ್‌ಫಾರ್ಮ್ ಶುಲ್ಕ, ಮಳೆ ಬಂದಾಗಿನ ಹೆಚ್ಚುವರಿ ಶುಲ್ಕ. ಆದರೆ ದೊಡ್ಡ ಮೊತ್ತ ಕುಳಿತಿರುವುದು ಮೊದಲ ಸಾಲಿನಲ್ಲಿ, ತಿಂಡಿಯ ಹೆಸರಿನ ಪಕ್ಕದಲ್ಲೇ. ಅದನ್ನು ಕಾಣಬೇಕಾದರೆ ಹೋಟೆಲಿನ ಕೌಂಟರ್ ಬಿಲ್ಲನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಪುಣೆಯಲ್ಲಿ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ ಕುಂದಾಪುರ ಕಡೆಯವರೊಬ್ಬರ ಹೋಟೆಲ್ ಇದೆ. ಒಂದು ಮಳೆಯ ಸಂಜೆ ಅಲ್ಲಿಂದ ಎರಡು ಮಸಾಲೆ ದೋಸೆ, ಒಂದು ಪ್ಲೇಟ್ ಇಡ್ಲಿ-ವಡೆ ತರಿಸಿ, ಮರುದಿನ ಅದನ್ನೇ ಕೌಂಟರಿನಲ್ಲಿ ಪಾರ್ಸೆಲ್ ಕಟ್ಟಿಸಿಕೊಂಡೆ. ಅಲ್ಲೇ ಕೂತು ತಿಂದ ಬಿಲ್ಲಿಗೆ ಹೋಲಿಸಿದರೆ ನ್ಯಾಯವಾಗುವುದಿಲ್ಲ. ಡಬ್ಬಿಯ ಖರ್ಚು ಎರಡೂ ಕಡೆ ಇರಬೇಕು.

ಕೌಂಟರಿನಲ್ಲಿ ದೋಸೆ 90, ಇಡ್ಲಿ-ವಡೆ 70, ಒಟ್ಟು 250 ರೂಪಾಯಿ. ಪಾರ್ಸೆಲ್‌ಗೆ ಒಂದಕ್ಕೆ 5ರಂತೆ 15. ಅದರ ಮೇಲೆ 5% ಜಿಎಸ್‌ಟಿ ಸೇರಿ 278 ಆಯಿತು.

ಆ್ಯಪ್‌ನಲ್ಲಿ ಅದೇ ದೋಸೆ 115, ಇಡ್ಲಿ-ವಡೆ 90, ಒಟ್ಟು 320. ಕೂಪನ್ ಹಾಕಿದಾಗ 60 ಇಳಿದು 260. ಪ್ಯಾಕಿಂಗ್ ಒಂದಕ್ಕೆ 10ರಂತೆ 30. ಈ 290ರ ಮೇಲೆ ಅದೇ 5% ಜಿಎಸ್‌ಟಿ, ಹದಿನಾಲ್ಕೂವರೆ ರೂಪಾಯಿ. ಆಮೇಲೆ ಡೆಲಿವರಿ 30, ಮಳೆ ಶುಲ್ಕ 20, ಪ್ಲಾಟ್‌ಫಾರ್ಮ್ ಶುಲ್ಕ 12. ಈ 62 ರೂಪಾಯಿಗೆ ಜಿಎಸ್‌ಟಿ 5% ಅಲ್ಲ, 18%. 2025ರ ಸೆಪ್ಟೆಂಬರ್ 22ರಿಂದ ಆ್ಯಪ್ ಮೂಲಕ ನಡೆಯುವ ಡೆಲಿವರಿ ಶುಲ್ಕಕ್ಕೂ ಈ ದರ ಬಿದ್ದಿದೆ. ಕೊನೆಗೆ 378. ವ್ಯತ್ಯಾಸ ಸರಿಸುಮಾರು ನೂರು ರೂಪಾಯಿ.

ಮಳೆಯನ್ನು ಬೈಯೋಣವೆಂದರೆ, ತೆರಿಗೆ ಸೇರಿಸಿದರೂ ಅದರ ಪಾಲು 24 ರೂಪಾಯಿಯನ್ನು ದಾಟುವುದಿಲ್ಲ. ತಿಂಡಿಯ ಬೆಲೆಯಲ್ಲೇ ಸೇರಿಕೊಂಡದ್ದು 70. ಹಸಿರು ಅಕ್ಷರದಲ್ಲಿ 'ನೀವು 60 ಉಳಿಸಿದಿರಿ' ಎಂದು ಬಂದದ್ದು ಆ 70ರಿಂದಲೇ ತಿರುಗಿ ಕೊಟ್ಟ ಹಣ. ಕೂಪನ್ ಇಲ್ಲದ ದಿನ ಎಪ್ಪತ್ತೂ ಹೋಗುತ್ತದೆ.

ಹಾಗಾದರೆ ಹೋಟೆಲಿನವರು ದೋಚುತ್ತಿದ್ದಾರೆಯೇ? ಶೆಟ್ರನ್ನು ಕೇಳಿದೆ. "ಮಾರಾಯ್ರೆ, ತೊಂಬತ್ತರಲ್ಲಿ ಕೊಟ್ರೆ ನನ್ನ ಕೈಗೆ ಎಷ್ಟು ಬರ್ತದೆ ಅಂತ ನೀವೇ ಲೆಕ್ಕ ಹಾಕಿ, ಇಂಜಿನಿಯರ್ ಅಲ್ವಾ?" ಎಂದರು. ಹಾಕಿದೆ. ಅವರ ಕಮಿಷನ್ 22%. ಕಮಿಷನ್ ಮೇಲೆ 18% ಜಿಎಸ್‌ಟಿ ಇದೆ; 5% ದರದಲ್ಲಿರುವ ಹೋಟೆಲಿಗೆ ಆ ತೆರಿಗೆ ಮರಳಿ ಸಿಗುವುದಿಲ್ಲ. ಹಾಗಾಗಿ ನಿಜದ ಕಡಿತ ಸುಮಾರು 26%. 115ರ ದೋಸೆಯಲ್ಲಿ ಅವರಿಗೆ ಉಳಿಯುವುದು 85, ಕೌಂಟರಿಗಿಂತ ಐದು ಕಡಿಮೆ. ಕೂಪನ್ನಿನ ಭಾರದಲ್ಲೂ ಕೆಲವೊಮ್ಮೆ ಅವರದ್ದೊಂದು ಪಾಲಿರುತ್ತದೆ. ಪ್ಯಾಕಿಂಗ್ ಐದರಿಂದ ಹತ್ತಾದದ್ದು ಯಾಕೆಂದು ಆಮೇಲೆ ಕೇಳಬೇಕೆನಿಸಲಿಲ್ಲ.

ಒಬ್ಬರೇ ಇರುವವರಿಗೆ ಈ ಲೆಕ್ಕ ಇನ್ನೂ ಕಠಿಣ. ಒಂದೇ ದೋಸೆ ತರಿಸಿದರೆ ಕೂಪನ್ನಿನ ಕನಿಷ್ಠ ಮೊತ್ತ ಮುಟ್ಟುವುದಿಲ್ಲ, ಡೆಲಿವರಿ ಮತ್ತಿತರ ಶುಲ್ಕ ಮಾತ್ರ ಪೂರ್ತಿ. ಕೌಂಟರಿನ 100 ರೂಪಾಯಿಯ ಪಾರ್ಸೆಲ್ ಮನೆಗೆ ಬರುವಾಗ 204.

ಹೆಚ್ಚು ತರಿಸಿದರೆ ಶುಲ್ಕ ಹಂಚಿಹೋಗಿ ಅಗ್ಗವಾಗುತ್ತದೆ ಎಂದು ನಮ್ಮ ಆಫೀಸಿನಲ್ಲೊಂದು ನಂಬಿಕೆಯಿದೆ. ಅದನ್ನೂ ನೋಡಿದೆ. ಆರ್ಡರನ್ನು ಎರಡರಷ್ಟು ಮಾಡಿದರೆ ಆ್ಯಪ್‌ನಲ್ಲಿ 745, ಕೌಂಟರಿನಲ್ಲಿ 557. ಅಂದರೆ ಹೆಚ್ಚಳ 36%ರಿಂದ 34%ಕ್ಕೆ ಇಳಿಯಿತು, ಅಷ್ಟೇ. ಡೆಲಿವರಿ ಶುಲ್ಕ ಹಂಚಿಹೋದದ್ದು ನಿಜ, ಆದರೆ ಕೂಪನ್ನಿನಲ್ಲಿ '20%, ಗರಿಷ್ಠ 60 ರೂಪಾಯಿ' ಎಂದಿತ್ತು. ರಿಯಾಯಿತಿ ಅರವತ್ತಕ್ಕೇ ನಿಂತಿತು. ಬೆಲೆಯೇರಿಕೆ ಮತ್ತು ಪ್ಯಾಕಿಂಗ್ ಪ್ರತಿ ಪ್ಲೇಟಿನ ಜೊತೆ ಬೆಳೆಯುತ್ತ ಹೋದವು. ಇಂಥ ಕೂಪನ್ ಇದ್ದಾಗ ರಿಯಾಯಿತಿ ಪೂರ್ತಿ ಸಿಗುವ ಮೊತ್ತದ ಆಸುಪಾಸಿನಲ್ಲೇ ಆರ್ಡರ್ ನಿಲ್ಲಿಸಬೇಕು. ನನ್ನದರಲ್ಲಿ ಅದು 300.

ನೀವೂ ನೋಡುವುದಾದರೆ ಇಂಟರ್‌ನೆಟ್‌ನಲ್ಲಿ ಸಿಗುವ ಮೆನು ಫೋಟೋ ನಂಬಬೇಡಿ. ಎರಡು ವರ್ಷ ಹಳೆಯ ಬೆಲೆ ಇದ್ದರೆ ವ್ಯತ್ಯಾಸ ಸುಳ್ಳೇ ದೊಡ್ಡದಾಗಿ ಕಾಣುತ್ತದೆ. ಒಂದು ಫೋನ್ ಮಾಡಿ ಕೇಳುವುದೇ ಸರಿ. ಆ್ಯಪ್‌ನಲ್ಲಿ ಮಾತ್ರ ಇರುವ 'ಕಾಂಬೋ'ಗಳನ್ನು ಹೋಲಿಸಲು ಹೋಗಬೇಡಿ, ಕೌಂಟರಿನಲ್ಲಿ ಅದಕ್ಕೆ ಜೋಡಿಯೇ ಇರುವುದಿಲ್ಲ. ಸದಸ್ಯತ್ವ ಪಡೆದವರು ಅದರಲ್ಲಿ ಯಾವ ಶುಲ್ಕ ಹೋಗುತ್ತದೆ ಎಂದು ನೋಡಿಕೊಳ್ಳಬೇಕು. ನನ್ನದರಲ್ಲಿ ಡೆಲಿವರಿ ಹೋಗಿ ತೆರಿಗೆ ಸೇರಿ 35 ಉಳಿಯುತ್ತದೆ, ಮಳೆ ಮತ್ತು ಪ್ಲಾಟ್‌ಫಾರ್ಮ್ ಶುಲ್ಕ ಹಾಗೇ ಇರುತ್ತವೆ.

ಇಷ್ಟಾದರೂ ಜೋರು ಮಳೆಯಲ್ಲಿ ಹೋಗಿಬರಲು ಆಟೋ ಹಿಡಿದರೆ ಆ ನೂರು ರೂಪಾಯಿ ಅಲ್ಲೇ ಮುಗಿಯುತ್ತದೆ. ಅಂಥ ದಿನ ನಾನು ಆ್ಯಪ್ ತೆರೆಯುತ್ತೇನೆ. ಉಳಿದ ದಿನ ಶೆಟ್ರಿಗೆ ಫೋನ್: 300ರ ಮೇಲಿದ್ದರೆ ರಾತ್ರಿ ಒಂಬತ್ತರವರೆಗೆ ಅವರ ಹುಡುಗನೇ ಕೌಂಟರಿನ ಬೆಲೆಗೆ ತಂದುಕೊಡುತ್ತಾನೆ, ಚಟ್ನಿಯೂ ಸ್ವಲ್ಪ ಜಾಸ್ತಿ.