ಶುಲ್ಕಪಟ್ಟಿಯೂ ರಸೀದಿಯೂ

ಫೆಬ್ರವರಿ ತಿಂಗಳಲ್ಲಿ, ಪರೀಕ್ಷೆಯ ಪ್ರವೇಶಪತ್ರಕ್ಕೆ ಮುನ್ನ, ಶಾಲೆಯಿಂದ ಒಂದು ಚೀಟಿ ಮನೆಗೆ ಬರುತ್ತದೆ: “ಬಾಕಿ ರೂ. 1,020.” ಮೂರು ಕಂತುಗಳನ್ನೂ ಕಟ್ಟಿದ ಗೃಹಸ್ಥರಿಗೆ ಇದು ಒಗಟಾಗಿ ತೋರುತ್ತದೆ. ಅದನ್ನು ಬಿಡಿಸಲು ಜೂನ್ ತಿಂಗಳಲ್ಲಿ ಕೊಟ್ಟ ಶುಲ್ಕಪಟ್ಟಿ, ಮೂರು ರಸೀದಿಗಳು, ಬ್ಯಾಂಕಿನ ಪಾಸ್‌ಬುಕ್ಕು, ಇವಿಷ್ಟಿದ್ದರೆ ಸಾಕು.

ಉದಾಹರಣೆಗೆ, ಅಕ್ಕ ಏಳನೆಯ ತರಗತಿಯಲ್ಲಿಯೂ ತಮ್ಮ ನಾಲ್ಕನೆಯ ತರಗತಿಯಲ್ಲಿಯೂ ಓದುತ್ತಿರುವ ಒಂದು ಮನೆ. ಅಕ್ಕನ ಹಣವೆಲ್ಲ ಗಡುವಿನೊಳಗೆ ಸಂದಿದೆ. ಚೀಟಿ ಬಂದಿರುವುದು ತಮ್ಮನ ಹೆಸರಿಗೆ. ಆತನ ಬೋಧನಾ ಶುಲ್ಕ ರೂ. 30,000, ಮೂರು ಸಮಾನ ಕಂತುಗಳಲ್ಲಿ. ಇತರ ಶುಲ್ಕ ರೂ. 6,000, ಮೊದಲ ಕಂತಿನೊಡನೆ. ಒಡಹುಟ್ಟಿದವರ ರಿಯಾಯಿತಿ ಶೇಕಡಾ 10, ಕಿರಿಯ ಮಗುವಿನ ಬೋಧನಾ ಶುಲ್ಕಕ್ಕೆ ಮಾತ್ರ. ಪ್ರತಿ ಕಂತಿನ ಗಡುವು ಆ ತಿಂಗಳ 10ನೆಯ ತಾರೀಖು. ಮೀರಿದರೆ ದಿನಕ್ಕೆ 20 ರೂಪಾಯಿ ದಂಡ.

ಮೊದಲು ರಸೀದಿಗಳನ್ನು ನೋಡದೆಯೇ, ಪಟ್ಟಿಯಿಂದಲೇ ಸಲ್ಲಬೇಕಾದುದನ್ನು ಬರೆದುಕೊಳ್ಳಬೇಕು. ಕಂತೊಂದಕ್ಕೆ 10,000ದಲ್ಲಿ 1,000 ಕಳೆದರೆ 9,000. ಆದುದರಿಂದ ಜೂನ್‌ಗೆ 15,000, ಸೆಪ್ಟೆಂಬರ್‌ಗೆ 9,000, ಡಿಸೆಂಬರ್‌ಗೆ 9,000. ಸೆಪ್ಟೆಂಬರ್ ಕಂತು 14ರಂದು ಸಂದಿತು. 11ರಿಂದ ಎಣಿಸಿದರೆ ನಾಲ್ಕು ದಿನ, ದಂಡ 80. ಗೃಹಸ್ಥರು ಕಟ್ಟಿದ್ದೂ 9,080.

ಇನ್ನು ರಸೀದಿಗಳ ಸರದಿ. ಕೆಳಗಿನ ಮೊತ್ತವನ್ನಷ್ಟೇ ನೋಡಿದರೆ ಎಲ್ಲವೂ ಸರಿ. ಸೆಪ್ಟೆಂಬರ್ ರಸೀದಿಯೂ 9,080ಕ್ಕೇ ಇದೆ. ಆದರೆ ಅದರ ಸಾಲುಗಳು ಬೇರೆಯ ಕಥೆಯನ್ನು ಹೇಳುತ್ತವೆ: ದಂಡ 100, ಬೋಧನಾ ಶುಲ್ಕ 8,980, ರಿಯಾಯಿತಿಯ ಅಂಕಣ ಖಾಲಿ. ಬಂದ ಹಣದಿಂದ ಕಚೇರಿಯು ಮೊದಲು ದಂಡವನ್ನು ಮುರಿದುಕೊಂಡು, ಉಳಿದುದನ್ನು ಪೂರ್ಣ 10,000ಕ್ಕೆ ಜಮಾ ಹಾಕಿದೆ. ಕೊರತೆ 1,020, ಚೀಟಿಯ ಅಂಕಿಯೂ ಅದೇ.

ಇದರಲ್ಲಿ 20 ರೂಪಾಯಿ ದಿನಾಂಕದ ತಪ್ಪು. ರಸೀದಿ ಹರಿದದ್ದು 15ರಂದು. ಹಣ ಶಾಲೆಯ ಖಾತೆಗೆ ಸೇರಿದ್ದು 14ರಂದು. ಹಣ ಖಾತೆಗೆ ಸೇರಿದ ದಿನವೇ ಲೆಕ್ಕಕ್ಕೆಂದು ಪಟ್ಟಿಯಲ್ಲಿರುವುದರಿಂದ ಪಾಸ್‌ಬುಕ್ಕಿನ ನಮೂದೇ ಸಾಕ್ಷಿ. ಉಳಿದ 1,000, ನಮೂದಿಸಲು ಮರೆತ ರಿಯಾಯಿತಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕೆಲವು ಶಾಲೆಗಳ ಪಟ್ಟಿಯ ಅಡಿಯಲ್ಲಿ, ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ರಿಯಾಯಿತಿ ಎಂಬ ಸಣ್ಣಕ್ಷರದ ಷರತ್ತಿರುತ್ತದೆ. ಅದಿದ್ದಲ್ಲಿ ಆ ಸಾವಿರ ನ್ಯಾಯವಾದ ಬಾಕಿಯೇ. 20 ರೂಪಾಯಿಗೆ ಮಾತ್ರ ತಕರಾರು ಉಳಿಯುತ್ತದೆ. ಈ ಮನೆಯ ಪಟ್ಟಿಯಲ್ಲಿ ಅಂಥ ಷರತ್ತಿಲ್ಲ.

ಕಚೇರಿಗೆ ಹೋಗುವಾಗ ಜಗಳಕ್ಕಿಂತ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ: ಕಂತು, ಸಲ್ಲಬೇಕಾದುದು, ಸಂದದ್ದು, ವ್ಯತ್ಯಾಸ, ಅದರ ಕಾರಣ. ಜೊತೆಗೆ ಸೆಪ್ಟೆಂಬರ್ ರಸೀದಿಯ ಸಂಖ್ಯೆ. ಗುಮಾಸ್ತರು “ಸರಿಪಡಿಸುತ್ತೇವೆ” ಎಂದರಷ್ಟೇ ಸಾಲದು. ತಿದ್ದಿದ ಲೆಕ್ಕದ ಪ್ರತಿಯನ್ನೂ ಬಾಕಿಯಿಲ್ಲವೆಂಬ ಬರಹವನ್ನೂ ಪಡೆದ ಮೇಲೆಯೇ ಆ ಚೀಟಿಯನ್ನು ಮರೆಯಬಹುದು.