ನಡುಗೆರೆಯಿಂದ ಹಾಸುವ ನೆಲ

ಟೈಲ್ ನೆಲದ ಅಂದ ಕೆಡುವುದು ಹೆಚ್ಚಾಗಿ ಗೋಡೆಯ ಬುಡದಲ್ಲಿ. ಒಂದು ಗೋಡೆಯಿಂದ ಇಡೀ ಟೈಲ್ ಜೋಡಿಸುತ್ತ ಹೋದರೆ ಎದುರು ಗೋಡೆಯ ಬಳಿ ಎಷ್ಟು ಜಾಗ ಉಳಿಯುತ್ತದೋ ಅಷ್ಟಕ್ಕೆ ಪಟ್ಟಿ ಕತ್ತರಿಸಿ ತುಂಬಬೇಕಾಗುತ್ತದೆ. ರೆಡ್ ಆಕ್ಸೈಡ್ ನೆಲಕ್ಕೆ ಈ ತಾಪತ್ರಯ ಇರಲಿಲ್ಲ, ಏಕೆಂದರೆ ಅದಕ್ಕೆ ಸಂದುಗಳೇ ಇಲ್ಲ.

ಕಪಿಲೆಯ ದಂಡೆಯ ಹುಲ್ಲಹಳ್ಳಿಯಂಥ ಊರಿನಲ್ಲಿ ಹಳೆಯ ಮಣ್ಣುಗೋಡೆಯ ಮನೆಯೊಂದಕ್ಕೆ ಹೊಸ ನೆಲ ಹಾಸಬೇಕಿದೆ ಎಂದುಕೊಳ್ಳೋಣ. ನಡುಮನೆಯ ಅಗಲ 312 ಸೆಂ.ಮೀ., ಉದ್ದ 420. ಟೈಲ್ 60 ಸೆಂ.ಮೀ. ಚೌಕ, ಸಂದು 3 ಮಿ.ಮೀ. ಅಗಲಕ್ಕೆ ಐದು ಟೈಲ್ ಕೂತ ಮೇಲೆ ಹತ್ತು ಸೆಂ.ಮೀ. ಚಿಲ್ಲರೆ ಉಳಿಯುತ್ತದೆ. ಕೋಣೆಯ ನಡುವೆ ಒಂದು ಟೈಲ್ ಕೂರಿಸಿ ಎರಡೂ ಕಡೆ ಸಮನಾಗಿ ಹಾಸಿದರೂ ಸುಖವಿಲ್ಲ. ಆಗ ಎರಡು ಗೋಡೆಗೂ ಐದೈದು ಸೆಂ.ಮೀ.ನ ಎಳೆಪಟ್ಟಿ ಬರುತ್ತದೆ. ಅಂದರೆ ನಡುವಿನಿಂದ ಶುರುಮಾಡಿದ ಮಾತ್ರಕ್ಕೆ ಕೆಲಸ ಸರಿಹೋಗುವುದಿಲ್ಲ. ನಡುಗೆರೆಯ ಮೇಲೆ ಟೈಲ್ ಬರಬೇಕೋ ಸಂದು ಬರಬೇಕೋ ಎಂಬುದನ್ನು ಮೊದಲೇ ತೀರ್ಮಾನಿಸಬೇಕು.

ಲೆಕ್ಕ ಸುಲಭ. ಉಳಿದ ಚಿಲ್ಲರೆಗೆ ಒಂದು ಇಡೀ ಟೈಲಿನ ಅಳತೆ ಕೂಡಿಸಿ ಎರಡು ಭಾಗ ಮಾಡಿದರೆ ಅಂಚಿನ ತುಂಡು ಸಿಗುತ್ತದೆ. ಇಲ್ಲಿ ಅದು ಸುಮಾರು 35 ಸೆಂ.ಮೀ., ಅರ್ಧ ಟೈಲಿಗಿಂತ ದೊಡ್ಡದು. ಹೀಗಾಗಿ ಅಗಲಕ್ಕೆ ನಡುಗೆರೆಯ ಮೇಲೆ ಸಂದು ಬಂದು, ನಾಲ್ಕು ಇಡೀ ಟೈಲ್, ಇಕ್ಕೆಲದಲ್ಲಿ ಒಂದೊಂದು ತುಂಡು ಕೂರುತ್ತವೆ. ಉದ್ದದ ಕಡೆ ಅದೇ ಲೆಕ್ಕ ಬೇರೆ ಉತ್ತರ ಕೊಡುತ್ತದೆ: ನಡುವೆ ಟೈಲ್ ಕೂರಿಸಿದರೆ ತುದಿಗಳಲ್ಲಿ 58 ಸೆಂ.ಮೀ. ಮೀರಿದ ತುಂಡುಗಳು ಸಿಗುತ್ತವೆ, ಅವು ಕಣ್ಣಿಗೆ ಇಡೀ ಟೈಲಿನಂತೆಯೇ ಕಾಣುತ್ತವೆ.

ಹಳೆಯ ಗೋಡೆಗಳು ಸಾಮಾನ್ಯವಾಗಿ ನೆಟ್ಟಗಿರುವುದಿಲ್ಲ. ಅಗಲವನ್ನು ಎರಡು ತುದಿಯಲ್ಲೂ ನಡುವೆಯೂ ಅಳೆಯಬೇಕಾದದ್ದು ಅದಕ್ಕೇ. ಒಂದು ತುದಿಯಲ್ಲಿ ಗೋಡೆ ಎರಡು ಸೆಂ.ಮೀ. ಒಳಕ್ಕೆ ಬಂದಿದ್ದರೆ ಐದು ಸೆಂ.ಮೀ. ಪಟ್ಟಿ ಮೂರಕ್ಕೆ ಇಳಿದು ಆ ಓರೆ ಎದ್ದು ಕಾಣುತ್ತದೆ. 35 ಇದ್ದದ್ದು 33 ಆದರೆ ಯಾರ ಗಮನಕ್ಕೂ ಬಾರದು. ಎಳೆಪಟ್ಟಿಗೆ ಇನ್ನೊಂದು ಕಷ್ಟವಿದೆ. ಕಟರ್ ಆಡಿಸುವಾಗಲೇ ಅದು ಮುರಿಯುತ್ತದೆ, ಅಡಿಯ ಗಾರೆ ಪೂರ್ತಿ ಹಿಡಿಯದಿದ್ದರೆ ತಟ್ಟಿದಾಗ ಪೊಳ್ಳು ಸದ್ದು ಕೊಡುತ್ತದೆ.

ಆದ್ದರಿಂದ ಗೋಡೆಯನ್ನು ನಂಬದೆ, ಎದುರುಬದುರು ಗೋಡೆಗಳ ನಡುಬಿಂದುಗಳಿಗೆ ದಾರ ಹಿಡಿದು ನೆಲದ ಮೇಲೆ ಮೊದಲ ಗೆರೆ ಎಳೆಯುತ್ತಾರೆ. ಎರಡನೆಯದು ಅದಕ್ಕೆ ಲಂಬ. ಕೂಡುವ ಜಾಗದಿಂದ ಒಂದು ಗೆರೆಯಲ್ಲಿ ಮೂರಡಿ, ಇನ್ನೊಂದರಲ್ಲಿ ನಾಲ್ಕಡಿ ಗುರುತಿಸಿದಾಗ ಆ ಎರಡರ ನಡುವಿನ ಅಂತರ ಸರಿಯಾಗಿ ಐದಡಿ ಬರಬೇಕು. ಬಾರದಿದ್ದರೆ ಎರಡನೆಯ ಗೆರೆಯನ್ನು ತಿದ್ದಬೇಕು. ಬಳಿಕ ಗಾರೆ ಇಲ್ಲದೆ ಎರಡೂ ದಿಕ್ಕಿಗೆ ಒಂದೊಂದು ಸಾಲು ಜೋಡಿಸಿ, ಸಂದಿಗೆ ಸ್ಪೇಸರ್ ಇಟ್ಟು ನೋಡುವುದು. ಪೆಟ್ಟಿಗೆಯ ಮೇಲಿನ ಅಳತೆಗೂ ಟೈಲಿನ ನಿಜವಾದ ಅಳತೆಗೂ ಇರುವ ವ್ಯತ್ಯಾಸ ಗೊತ್ತಾಗುವುದು ಆಗಲೇ.

ಇದಕ್ಕೆ ಖರ್ಚು ಇದೆ. ಗೋಡೆಯಿಂದ ಹಾಸಿದ್ದರೆ ಏಳು ಸಾಲಿಗೆ 37 ಟೈಲ್ ಸಾಕಿತ್ತು, ಏಕೆಂದರೆ ಒಂದೇ ಟೈಲಿನಲ್ಲಿ ಐದು ಎಳೆಪಟ್ಟಿ ಬರುತ್ತಿತ್ತು. ಈಗ 42 ಬೇಕು. ಆದರೂ ಮಿಕ್ಕ 25 ಸೆಂ.ಮೀ. ತುಂಡುಗಳು ವ್ಯರ್ಥವಾಗಬೇಕಿಲ್ಲ, ಅವು ಗೋಡೆಯಂಚಿನ ಸ್ಕರ್ಟಿಂಗಿಗೆ ಆಗುತ್ತವೆ.

ಬಾಗಿಲು ಗೋಡೆಯ ನಡುವೆ ಇಲ್ಲದೆ ಒಂದು ಮೂಲೆಗೆ ಸರಿದಿದ್ದರೆ ಅಥವಾ ಅದೇ ಸಾಲು ಪಕ್ಕದ ಕೋಣೆಗೂ ಮುಂದುವರಿಯುವುದಿದ್ದರೆ ಸರಿಸಮ ಹಂಚಿಕೆಯನ್ನು ಸ್ವಲ್ಪ ಬಿಟ್ಟುಕೊಡಬಹುದು. ಹೊಸ್ತಿಲಿನ ಎದುರಿಗೆ ಇಡೀ ಟೈಲ್ ಬರುವಂತೆ ಗೆರೆ ಸರಿಸಿ, ಸಣ್ಣ ತುಂಡನ್ನು ಮಂಚವೋ ಬೀರುವೋ ನಿಲ್ಲುವ ಗೋಡೆಯ ಕಡೆಗೆ ಕಳಿಸುತ್ತಾರೆ.