ನಿವೃತ್ತಿಯ ಅರ್ಜಿಯಲ್ಲಿ ಒಂದು ಆಯ್ಕೆ

ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿದವರು ಎನ್‌ಪಿಎಸ್ ವ್ಯಾಪ್ತಿಗೆ ಬಂದರು. ಅವರು ನಿವೃತ್ತರಾಗುವಾಗ ಪ್ರಾನ್ ಖಾತೆಯ ಹಣದಲ್ಲಿ ಗರಿಷ್ಠ ಶೇ. 60ರಷ್ಟನ್ನು ಒಂದೇ ಗಂಟಿನಲ್ಲಿ ಪಡೆಯಬಹುದು, ಅದಕ್ಕೆ ಆದಾಯ ತೆರಿಗೆ ಇಲ್ಲ. ಉಳಿದ ಕನಿಷ್ಠ ಶೇ. 40ರಲ್ಲಿ ವಿಮಾ ಕಂಪನಿಯೊಂದರಿಂದ ಆನ್ಯುಟಿ, ಅಂದರೆ ಬದುಕಿರುವವರೆಗೂ ಬರುವ ಪಿಂಚಣಿ, ಕೊಳ್ಳಬೇಕು. ಈ ಪಿಂಚಣಿಗೆ ತೆರಿಗೆ ಉಂಟು.

ಎಲ್ಲರೂ ಗಂಟಿನ ಲೆಕ್ಕ ಹಾಕುತ್ತಾರೆ. ಆದರೆ ಮನೆಯವರ ಮುಂದಿನ ಬದುಕನ್ನು ನಿರ್ಧರಿಸುವುದು ಆನ್ಯುಟಿಯ ಬಗೆ.

ಖಾತೆಯಲ್ಲಿ 40 ಲಕ್ಷ ರೂಪಾಯಿ ಇರುವ ಒಬ್ಬ ಶಿಕ್ಷಕರನ್ನು ಊಹಿಸಿಕೊಳ್ಳಿ. 24 ಲಕ್ಷ ಕೈಗೆ ಬರುತ್ತದೆ, 16 ಲಕ್ಷ ಆನ್ಯುಟಿಗೆ ಹೋಗುತ್ತದೆ. ದರಗಳು ಕಂಪನಿಯಿಂದ ಕಂಪನಿಗೆ ಬೇರೆ, ಕಾಲಕಾಲಕ್ಕೂ ಬದಲಾಗುತ್ತವೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ತಾವೊಬ್ಬರೇ ಇರುವವರೆಗೆ ಬರುವ, ಅಸಲು ವಾಪಸಾಗದ ಪಿಂಚಣಿಗೆ ಶೇ. 8.5 ಸಿಕ್ಕರೆ ತಿಂಗಳಿಗೆ ಸುಮಾರು 11,333 ರೂಪಾಯಿ. ತಮ್ಮ ನಂತರ ಹೆಂಡತಿಗೂ ಅಷ್ಟೇ ಮೊತ್ತ ಮುಂದುವರಿಯಬೇಕೆಂದರೆ, ಶೇ. 7.5ರಂತೆ 10,000. ಹೆಂಡತಿಯ ಕಾಲಾನಂತರ 16 ಲಕ್ಷವೂ ಮಕ್ಕಳಿಗೆ ಸೇರಬೇಕೆಂದರೆ, ಶೇ. 6.5ರಂತೆ ಸುಮಾರು 8,667.

ಮೊದಲ ಮೊತ್ತ ಕಣ್ಣಿಗೆ ದೊಡ್ಡದು. ಆದರೆ ಶಿಕ್ಷಕರು ಮೂರೇ ವರ್ಷಕ್ಕೆ ತೀರಿಕೊಂಡರೆ ಪಿಂಚಣಿ ಅಲ್ಲಿಗೇ ನಿಲ್ಲುತ್ತದೆ, ಅಸಲೂ ಬರುವುದಿಲ್ಲ. ಹೆಂಡತಿಗೆ ಸ್ವಂತ ಆದಾಯವಿಲ್ಲದ ಮನೆಯಲ್ಲಿ ಇದನ್ನು ಆರಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ಮಾತು: ಮೇಲಿನ ಮೂರೂ ಮೊತ್ತಗಳಿಗೆ ತುಟ್ಟಿಭತ್ಯೆ ಸೇರುವುದಿಲ್ಲ. ಇಂದಿನ 10,000 ಇಪ್ಪತ್ತು ವರ್ಷ ಕಳೆದರೂ 10,000ವೇ. ಹಾಗಾಗಿ ಕೈಗೆ ಬಂದ 24 ಲಕ್ಷವನ್ನು ಮನೆ ಕಟ್ಟಲು, ಮದುವೆ ಮಾಡಲು ಪೂರ್ತಿ ಸುರಿಯುವ ಮುನ್ನ ಯೋಚಿಸಬೇಕು.

ಅರ್ಜಿಯನ್ನು ನಿವೃತ್ತಿಗೆ ಕೆಲವು ತಿಂಗಳ ಮುಂಚೆಯೇ ಆನ್‌ಲೈನಿನಲ್ಲಿ ಶುರುಮಾಡಬಹುದು. ಗಂಟಿನ ಪಾಲು, ವಿಮಾ ಕಂಪನಿ, ಆನ್ಯುಟಿಯ ಬಗೆ, ನಾಮಿನಿ, ಎಲ್ಲವನ್ನೂ ತುಂಬಿ ಗುರುತಿನ ದಾಖಲೆ, ಬ್ಯಾಂಕ್ ದಾಖಲೆ ಅಪ್‌ಲೋಡ್ ಮಾಡಿ, ಒಟಿಪಿ ಮೂಲಕ ಸಹಿ ಹಾಕಬೇಕು. ಅನಂತರ ಕಚೇರಿಯ ಕಡೆಯಿಂದ ಅನುಮೋದನೆ ಆಗಬೇಕು.

ನಮ್ಮ ಕಡೆ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಇನಿಶಿಯಲ್‌ನಲ್ಲಿ. ಪ್ರಾನ್‌ನಲ್ಲಿ ‘ಮಂಜುನಾಥ ಕೆ’, ಪಾಸ್‌ಬುಕ್ಕಿನಲ್ಲಿ ‘ಕೆಂಚಪ್ಪ ಮಂಜುನಾಥ’ ಎಂದಿದ್ದರೆ ತೊಡಕು ಖಂಡಿತ. ಹಣ ಕಳಿಸುವ ಮೊದಲು ಖಾತೆಗೆ ಚಿಲ್ಲರೆ ಮೊತ್ತ ಹಾಕಿ ಹೆಸರು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಆಧಾರ್, ಪ್ಯಾನ್, ಪಾಸ್‌ಬುಕ್, ಪ್ರಾನ್ ನಾಲ್ಕರಲ್ಲೂ ಹೆಸರನ್ನು ಸೇವೆಯಲ್ಲಿರುವಾಗಲೇ ಒಂದಾಗಿಸಿಕೊಳ್ಳಿ. ಹೆಂಡತಿಯ ಜನ್ಮದಿನಾಂಕವನ್ನೂ ನೋಡಿ, ಜಂಟಿ ಪಿಂಚಣಿಯ ದರ ಅವರ ವಯಸ್ಸಿನ ಮೇಲೂ ನಿಂತಿದೆ.

ಪಾಲಿಸಿ ಪತ್ರ ಕೈಸೇರಿದ ದಿನವೇ ಆನ್ಯುಟಿಯ ಬಗೆ, ಸಂಗಾತಿಯ ಹೆಸರು, ನಾಮಿನಿ ಓದಿ ನೋಡಿ. ತಪ್ಪಿದ್ದರೆ ಹಿಂತಿರುಗಿಸಲು ಪತ್ರದಲ್ಲೇ ಒಂದು ಅವಧಿ ನಮೂದಾಗಿರುತ್ತದೆ. ಆ ಅವಧಿ ಮುಗಿದ ಮೇಲೆ ಆನ್ಯುಟಿಯ ಬಗೆಯನ್ನು ಬದಲಿಸಲು ಬರುವುದಿಲ್ಲ.